ತುಳಸಿಕಟ್ಟೆಯ ಗೆರೆ ಎಷ್ಟು ಸಣ್ಣ

ಖಾನಾಪುರದ ನಮ್ಮ ಮಾವಶಿ, ಅಂದರೆ ಅವ್ವನ ತಂಗಿ, ಕಸೂತಿ ಹಾಕುವವಳು. ಓಣಿಯ ಹೆಣ್ಣುಮಕ್ಕಳು ಮಧ್ಯಾಹ್ನದ ಊಟ ಆದಮೇಲೆ ಅವಳ ಪಡಸಾಲೆಗೆ ಕಲಿಯಲಿಕ್ಕೆ ಬರುತ್ತಾರೆ. ತುಳಸಿಕಟ್ಟೆ, ನವಿಲು ಹೊಲಿದ ಹಳೆಯ ಮಾದರಿ ಬಟ್ಟೆಯೊಂದನ್ನು ಮುಂದೆ ಹಾಸಿಕೊಂಡು, ಎಳೆ ಎಣಿಸಿ ಎಣಿಸಿ ಹೇಳುವುದು ಅವಳ ಪದ್ಧತಿ. ಈ ಸಲ ಮಳೆಗಾಲ ಮುಗಿಯುತ್ತಲೇ ಕಣ್ಣಿನ ಡಾಕ್ಟರು, ನರ ಒಣಗುತ್ತಿದೆ, ಹೋದ ದೃಷ್ಟಿ ತಿರುಗಿ ಬರುವುದಿಲ್ಲ, ಉಳಿದದ್ದೂ ಎಷ್ಟು ದಿನವೋ ಹೇಳಲಿಕ್ಕಾಗದು ಅಂದರು.

ಕಣ್ಣು ತೋರಿಸಿಕೊಂಡು ಬಂದು ಬಸ್ ಸ್ಟ್ಯಾಂಡಿನಲ್ಲಿ ಕೂತಾಗ ಮಾವಶಿ ನನಗೆ ಅಂದಳು: "ಕಣ್ಣ ಇರೂತನಕ ಬೆರಳಿಗೆ ಕಲಸಬೇಕು ನೋಡ. ಗೆರಿ ಉಬ್ಬಿದ್ದ ಹಲಗಿ ಬೇಕು. ಕಣ್ಣಿಂದ ನೋಡಕೋತ ಮುಟ್ಟಿದ್ರ ಬೆರಳಿನಾಗ ನೆಪ್ಪ ಕುಂದರ್ತೈತಿ. ಆಮ್ಯಾಲ ಕತ್ತಲಾದ್ರೂ ಹುಡುಗ್ಯಾರಿಗೆ ಹೇಳಬಹುದು."

ಬೆಳಗಾವಿಯ ಸದಾಶಿವನಗರದಲ್ಲಿ ನಮ್ಮ ಮನೆಯ ಬಾಜು ಟ್ರೋಫಿ, ನಾಮಫಲಕ ಮಾಡುವ ಭಾಯಿಯ ಅಂಗಡಿ ಇದೆ. ಅವನಿಂದ ಹಳೆಯ ತ್ರೀಡಿ ಪ್ರಿಂಟರ್ ಒಂದನ್ನು ಮನೆಗೆ ತಂದೆ. ಪ್ಲಾಸ್ಟಿಕ್ ತಂತಿಯನ್ನು ಕಾಯಿಸಿ, ನಾಝಲ್ ಎನ್ನುವ ತೂತಿನಿಂದ ಶ್ಯಾವಿಗೆಯಂತೆ ಬಿಟ್ಟು, ಪದರದ ಮೇಲೆ ಪದರ ಹಾಕುವ ಯಂತ್ರ.

"ಅಕ್ಕಾರ, ಈ ಪಾಯಿಂಟ್ ನಾಲ್ಕು ಎಂಎಂ ನಾಝಲ್, ಪಾಯಿಂಟ್ ಎರಡರ ಪದರ, ಇದರಾಗ ಮೊದಲ ಕೈ ಕೂಡಸ್ರಿ," ಅಂದ ಜೋಡಿಸಿಕೊಡಲಿಕ್ಕೆ ಬಂದ ಭಾಯಿ. "ಪದರ ಅರ್ಧ ಮಾಡಿದ್ರ ಹೊತ್ತು ದುಪ್ಪಟ್ಟು. ನಾಝಲ್ ಸಣ್ಣದ ಹಾಕಿದ್ರ ಗೆರಿ ನಾಜೂಕ ಬರ್ತಾವ ಖರೇ, ಆದ್ರ ಹೊತ್ತು ಇನ್ನೂ ಹೆಚ್ಚು. ಮ್ಯಾಲ ಕಸ ಸಿಕ್ಕೊಂಡ್ರ ಅದು ನಿಮ್ಮ ಜೋಡಿ ಮಾತು ಬಿಡತೈತಿ, ನಮ್ಮ ಮನ್ಯಾಕಿ ಹಂಗ."

ಮಾವಶಿಯ ಮಾದರಿ ಬಟ್ಟೆಯ ಫೋಟೋ ಹಾಕಿ, ಅದೇ ಅಳತೆಯಲ್ಲಿ ಹಲಗೆ ತೆಗೆದಾಗ ತುಳಸಿಕಟ್ಟೆಯ ಗೆರೆಗಳು ಒಂದಕ್ಕೊಂದು ಅಂಟಿ ಗಂಟಾದವು. ಆ ತೂತಿಗೆ ಅಷ್ಟು ಸಣ್ಣ ಸಂದು ಬಿಡಲಿಕ್ಕೆ ಬರುವುದಿಲ್ಲ. ಭಾಯಿ ತುಳಸಿಕಟ್ಟೆಯೊಂದನ್ನೇ ಮೂರು ಪಟ್ಟು ದೊಡ್ಡದು ಮಾಡಿ, ಗೆರೆ ಎತ್ತರಿಸಿ, ಪದರ ಇನ್ನಷ್ಟು ದಪ್ಪ ಇಟ್ಟು ಯಂತ್ರ ಚಾಲು ಮಾಡಿದ. ಅವನು ನಮಾಜ್ ಮುಗಿಸಿ ಬರುವುದರೊಳಗೆ ಹಲಗೆ ತಯಾರು. ನೋಡಿದರೆ ಅಂಚಿನಲ್ಲೆಲ್ಲ ಮೆಟ್ಟಿಲು ಮೆಟ್ಟಿಲು, ಸುತಳಿಯಿಂದ ಹೊಲಿದ ಹಾಗೆ. ಮಾವಶಿಯ ಕೈಕೆಲಸಕ್ಕೆ ಇದು ಅವಮಾನ ಅನ್ನಿಸಿತು. ಚೀಲದ ತಳಕ್ಕೆ ಹಾಕಿ, ಪಾಯಿಂಟ್ ಎರಡರ ಸಣ್ಣ ನಾಝಲ್ ಕೇಳಿ ತಂದೆ.

ಪದರವನ್ನೂ ಕೂದಲಷ್ಟು ತೆಳ್ಳಗೆ ಮಾಡಿದೆ. ಮುಂಜಾನೆ ಸುರು ಮಾಡಿದರೆ ದೀಪ ಹಚ್ಚುವ ಹೊತ್ತಿಗೂ ಅರ್ಧ ಹಲಗೆ. ಒಮ್ಮೆ ನಾಝಲ್ ಕಟ್ಟಿಕೊಂಡಿತು. ಒಮ್ಮೆ ಕರೆಂಟ್ ಹೋಗಿ, ತಣ್ಣಗಾದ ಹಲಗೆ ತಳ ಬಿಟ್ಟು ಎದ್ದಿತು. ಮತ್ತೆ ಮೊದಲಿನಿಂದ. ನಡುವೆ ಮಾವಶಿಯ ಫೋನು. ಸಾರಿಗೆ ಎರಡು ಸಲ ಉಪ್ಪು ಹಾಕಿದ್ದನ್ನು ಹೇಳಿ ನಕ್ಕಳು. ಇನ್ನೊಂದು ದಿನ, "ಬೆಳಗಾವ್ಯಾಗೂ ಮೋಡ ಮುಸಕೈತೇನ?" ಅಂತ ಕೇಳಿದಳು. ಅವಳ ಅಂಗಳದಲ್ಲಿ ಬಿಸಿಲಿಗೆ ಹಪ್ಪಳ ಹಾಕಿದ್ದಾರೆಂದು ಅವಳ ಸೊಸೆ ಆಗಷ್ಟೇ ಹೇಳಿದ್ದಳು. ನಾನು ಹೂಂ ಅಂದೆ.

ಕೊನೆಗೆ ಹಲಗೆ ಬಂತು. ಒಂದೊಂದು ಗೆರೆಯೂ ಬಟ್ಟೆಯಲ್ಲಿದ್ದಂತೆಯೇ. ಅರಿವೆಯಲ್ಲಿ ಸುತ್ತಿಕೊಂಡು ಖಾನಾಪುರಕ್ಕೆ ಹೋದೆ.

ಮಾವಶಿ ಕಿಟಕಿಯ ಹತ್ತಿರ ಕೂತು ಹಲಗೆಯನ್ನು ತಿರುವಿ ಹಿಂಬದಿ ಹಿಡಿದಳು. ಯಾವ ಕಸೂತಿ ಕೊಟ್ಟರೂ ಅವಳು ಮೊದಲು ಹಿಂಬದಿಯನ್ನೇ ನೋಡುವುದು; ಒಳ್ಳೆಯ ಗವಂತಿ ಹೊಲಿಗೆಯಾದರೆ ಎರಡೂ ಕಡೆ ಒಂದೇ ಇರಬೇಕು. ಅದೇ ರೂಢಿ ಅಂದುಕೊಂಡೆ. ಆದರೆ ಅವಳು ತಿರುಗಿಸಲಿಲ್ಲ. ಬರೇ ಸಪಾಟು ಪ್ಲಾಸ್ಟಿಕನ್ನು ಕಣ್ಣಿಗೆ ಹತ್ತಿರ ಹಿಡಿದು, "ಭಾಳ ನಾಜೂಕ ಬಂದಾವ ಗೆರಿ," ಅಂದಳು.

ಬಾಗಿಲಲ್ಲಿದ್ದ ಸೊಸೆ ನನ್ನ ಮುಖ ನೋಡಿದಳು. ನಾನು ಹಲಗೆ ಮಗುಚಿ ಮಾವಶಿಯ ಬೆರಳನ್ನು ಗೆರೆಯ ಮೇಲಿಟ್ಟೆ. ಬೆರಳು ಅತ್ತಿತ್ತ ಹೋಯಿತು, ನಿಂತಿತು.

"ಉಸುಕಿನ ಕಾಗದ ಮುಟ್ಟಿದಂಗ ಆಗ್ತೈತಲ್ಲ. ಎಳಿ ಎಲ್ಲಿ?"

ಚೀಲ ತಡಕಾಡಿ ಭಾಯಿಯ ಒರಟು ಹಲಗೆ ತೆಗೆದುಕೊಟ್ಟೆ. ಈ ಸಲ ಬೆರಳು ಬುಡದಿಂದ ಹತ್ತಿತು, ಪ್ರತಿ ಮೆಟ್ಟಿಲಿಗೂ ತಡೆದು ತುದಿ ಮುಟ್ಟಿತು; ಅವಳು ತುಟಿಯಲ್ಲೇ ಎಣಿಸುತ್ತಿದ್ದಳು.

"ತುಳಸಿಕಟ್ಟಿ. ಇದನ್ನ ಯಾವಾಗ ಮಾಡಿದಿ?"

"ಮಶೀನ ತಂದ ದಿನಾನ."

ಮಾವಶಿ ಹಲಗೆಯನ್ನು ಕಿಟಕಿಯ ಕಡೆ ಎತ್ತಿ, ಓರೆ ಮಾಡಿ, ಮತ್ತೆ ಮಡಿಲಿಗಿಟ್ಟುಕೊಂಡಳು.

"ಆವತ್ತ ನನಗ ಕಾಣತಿತ್ತು," ಅಂದಳು.

ಉಳಿದ ಚಿತ್ರಗಳನ್ನೂ ಹೀಗೇ ದಪ್ಪಗೆ, ಲಗೂನ ಮಾಡು ಅಂತ ಹೇಳಿ ಕಳಿಸಿದಳು. ಮನೆಗೆ ಬಂದು ದೊಡ್ಡ ನಾಝಲ್ ಹಾಕಿದ್ದೇನೆ. ಈಗ ಹಲಗೆಗಳು ಅನ್ನ ಕುದಿಯುವುದರೊಳಗೆ ಅನ್ನುವಷ್ಟು ಬೇಗ ಬರುತ್ತಿವೆ. ಒಂದೊಂದು ಆದ ಹಾಗೆ ಒಯ್ದು ಕೊಡುತ್ತೇನೆ. ನಿನ್ನೆ ನವಿಲಿನ ಹಲಗೆ ಹಿಡಿದು ಮಾವಶಿ ಕೇಳಿದಳು: "ಇದರ ಮಾರಿ ಯಾವ ಕಡೆ ಐತಿ, ಹೇಳ." ಹುಡುಕುತ್ತಿದ್ದ ಬೆರಳು ಅದರ ಕೊಕ್ಕಿನ ಮೇಲೇ ಇತ್ತು.