ಏಳು ಹನ್ನೊಂದಲ ಎಪ್ಪತ್ತೇಳು

ಅತ್ತಿಗುಪ್ಪೆಯ ಚೇತನಾ ಅಂಜುಬುರುಕಿಯೇನಲ್ಲ. ವಿಜಯನಗರದ ಮಾರ್ಕೆಟ್ಟಿನಲ್ಲಿ ಸೊಪ್ಪಿನವರ ಜೊತೆ ಗಂಟಲು ಹರಿಯುವಂತೆ ಚೌಕಾಸಿ ಮಾಡುವವಳು, ಬಸ್ಸಿನಲ್ಲಿ ಮೈಮೇಲೆ ಬಿದ್ದವನ ಕೆನ್ನೆಗೆ ಬಾರಿಸಿದವಳು. ಆದರೆ ಡಿಪ್ಲೊಮಾ ಕಾಲೇಜಿನ ಸಿ ಪ್ರೋಗ್ರಾಮಿಂಗ್ ಲ್ಯಾಬ್ ಪರೀಕ್ಷೆ ಅಂದರೆ ಸಾಕು, ಕೈಕಾಲು ತಣ್ಣಗಾಗುತ್ತಿದ್ದವು.

ಕಾರಣವಿತ್ತು. ಹೋದ ಸಲ ಒಂದು ಸಾಲಿನ ಕೊನೆಗೆ, ಅದು ಅಲ್ಲಿಗೆ ಮುಗಿಯಿತೆಂದು ತೋರಿಸುವ ಸೆಮಿಕೋಲನ್ ಹಾಕಲು ಮರೆತಿದ್ದಳು. ಕಂಪ್ಯೂಟರ್ ಎರರ್ ತೋರಿಸಿತು, ಪ್ರೋಗ್ರಾಂ ಕಂಪೈಲೇ ಆಗಲಿಲ್ಲ, ಪರೀಕ್ಷಕ ಗೂಳಪ್ಪ ಫೇಲ್ ಮಾಡಿ ಕಳಿಸಿದರು. ಈ ಸಲವೂ ಫೇಲಾದರೆ ಮುಂದಿನ ವರ್ಷಕ್ಕೆ ಸೇರಿಸಿಕೊಳ್ಳುವುದಿಲ್ಲ. ಗೆಳತಿಯರೆಲ್ಲ ಮುಂದೆ, ಇವಳೊಬ್ಬಳು ಮನೆಯಲ್ಲಿ. ಅಯ್ಯೋ ದೇವರೇ!

ಪರೀಕ್ಷೆಯ ದಿನ ಲ್ಯಾಬಿನೊಳಗೆ ಹೋದರೆ ಅದೇ ಗೂಳಪ್ಪ. ಪ್ರಶ್ನೆ ಸುಲಭದ್ದೇ, ಏಳರ ಮಗ್ಗಿ ಹತ್ತರವರೆಗೆ ಪ್ರಿಂಟ್ ಮಾಡಬೇಕು. ಟೈಪ್ ಮಾಡಿದಳು. ಕಂಪೈಲ್ ಆಯಿತು, ಒಂದೂ ಎರರ್ ಇಲ್ಲ! ಉಸಿರು ಬಿಟ್ಟು ರನ್ ಕೊಟ್ಟಳು. ಪರದೆಯ ಮೇಲೆ ಬಂದದ್ದು ಒಂದೇ ಸಾಲು:

7 x 11 = 77

ಹತ್ತು ಸಾಲು ಬರಬೇಕಾದಲ್ಲಿ ಒಂದು, ಅದೂ ಕೇಳದ ಹನ್ನೊಂದು. ಇನ್ನೊಮ್ಮೆ ರನ್ ಕೊಟ್ಟಳು, ಅದೇ. ಗೂಳಪ್ಪನವರ ಚಪ್ಪಲಿ ಸದ್ದು ಹತ್ತಿರವಾಗುತ್ತಿತ್ತು.

"ಎಲ್ಲಮ್ಮಾ ಮಗ್ಗಿ?"

"ಬರ್ತಾ ಇದೆ ಸಾರ್," ಎಂದಳು. ಶುದ್ಧ ಸುಳ್ಳು.

"ಹನ್ನೊಂದು ಯಾಕ್ ಬಂತು? ಹೇಳು."

ಪರದೆಯತ್ತ ಬಗ್ಗಿದಳು. ಹತ್ತರವರೆಗೆ ಎಣಿಸು ಅಂದಾಗ ಹನ್ನೊಂದು ಬಂದಿದೆ ಎಂದರೆ, ಒಂದೇ ಕೆಲಸವನ್ನು ಹತ್ತು ಸಲ ಮಾಡಿಸುವ ಲೂಪು ಓಡಿ ಮುಗಿದಿರಲೇಬೇಕು. ಹಾಗಾದರೆ ಹತ್ತು ಸಲವೂ ಅದು ಮಾಡಿದ್ದೇನು? ಕಣ್ಣು ಲೂಪು ಶುರುವಾಗುವ ಫಾರ್ ಸಾಲಿನ ಮೇಲೆ ನಿಂತಿತು:

for (i = 1; i <= 10; i++);

ಕೊನೆಯಲ್ಲೊಂದು ಸೆಮಿಕೋಲನ್!

"ಸಾರ್, ಇಲ್ಲೇ ಲೂಪ್ ಮುಗಿದುಹೋಗಿದೆ. ಹತ್ತು ಸಲ ಸುಮ್ನೆ ಸುತ್ತಿದೆ, ಏನೂ ಮಾಡಿಲ್ಲ. ಎಣಿಸೋ ಐ ಹನ್ನೊಂದಾದ್ಮೇಲೆ ಆಚೆ ಬಂದು, ಕೆಳಗಿನ ಪ್ರಿಂಟ್ ಸಾಲು ಒಂದೇ ಸಲ ಓಡಿದೆ. ಖಾಲಿ ಲೂಪ್ ಇದ್ರೂ ಕಂಪ್ಯೂಟರ್‌ಗೆ ತಪ್ಪಲ್ಲ, ಅದಕ್ಕೇ ಎರರ್ ತೋರಿಸ್ಲಿಲ್ಲ."

ಆ ಸೆಮಿಕೋಲನ್ ಅಳಿಸಿ ರನ್ ಕೊಟ್ಟಳು. ಮಗ್ಗಿ ಪೂರ್ತಿ ಬಂತು. ಆದರೂ ಗೂಳಪ್ಪ ಕದಲಲಿಲ್ಲ.

"ಇಷ್ಟೆಲ್ಲ ಗೊತ್ತಿದ್ದೂ ಅಲ್ಲಿ ಯಾಕಮ್ಮಾ ಹಾಕ್ದೆ?"

"ಹೆದರಿಕೆಗೆ ಸಾರ್. ಎಲ್ಲಾದ್ರೂ ಬಿಟ್ಟುಹೋದ್ರೆ ಅಂತ ಸಿಕ್ಕಸಿಕ್ಕಲ್ಲಿ ಹಾಕ್ಬಿಟ್ಟೆ."

"ಯಾವುದಕ್ಕೆ ಹೆದರಿಕೆ? ಕಂಪ್ಯೂಟರ್‌ಗಾ?"

"ನಿಮಗೆ ಸಾರ್."

ಬಾಯಿ ತಪ್ಪಿ ಬಂದುಬಿಟ್ಟಿತು. ಸತ್ತೆ ಅಂದುಕೊಂಡಳು. ಗೂಳಪ್ಪ ಏನೋ ಹೇಳಲು ಬಾಯಿ ತೆರೆದು ಸುತ್ತ ನೋಡಿದರು. ಲ್ಯಾಬಿನಲ್ಲಿ ಒಬ್ಬರೂ ತಲೆ ಎತ್ತಿರಲಿಲ್ಲ. ಎದುರಿನ ಹುಡುಗ ಟೈಪ್ ಮಾಡುವುದನ್ನೇ ನಿಲ್ಲಿಸಿ ಕೀಬೋರ್ಡ್ ನೋಡುತ್ತ ಕುಳಿತಿದ್ದ.

"ಪಾಸಾಗಿದೀಯ, ಹೋಗಮ್ಮ," ಎಂದರು. ಆಮೇಲೆ ಚಪ್ಪಲಿ ಸದ್ದಾಗದಂತೆ ನಡೆದು ಹೋಗಿ ತಮ್ಮ ಕುರ್ಚಿಯಲ್ಲಿ ಕುಳಿತರು.