ಅತ್ತೆಯ ಹಿಂಡಿಗೆ ಮೈದುನನ ತಲೆಬರಹ

ನಮ್ಮ ಅತ್ತೆ ನನ್ನ ಮೇಲೆ ಒಂದು ದಿನವೂ ಕೈ ಎತ್ತಿದವರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ಸೇಡಂನಿಂದ ಹಿಡಿದು ಚಿಂಚೋಳಿಯವರೆಗೆ ಇವತ್ತಿಗೂ ಕೆಲವರು ನನ್ನನ್ನು ಕಂಡರೆ ತೋಳು ಸವರಿ, ‘ಆರಾಮ ಇದ್ದಿ ಏನವಾ?’ ಎಂದು ದನಿ ಇಳಿಸಿ ಕೇಳುತ್ತಾರೆ. ಮದುವೆ ಮನೆಯಲ್ಲಿ ನನ್ನ ಎಲೆಗೆ ಒಂದು ಹೋಳಿಗೆ ಹೆಚ್ಚಿಗೆ ಬೀಳುತ್ತದೆ. ಹೋಳಿಗೆ ಬೇಡವೆಂದು ನಾನೇನೂ ಹೇಳಿಲ್ಲ, ಆದರೆ ಅದಕ್ಕೆಲ್ಲ ಕಾರಣ ನನ್ನ ಮೈದುನ ಬರೆದ ಒಂದು ಸಾಲು.

ನಮ್ಮದೊಂದು ಅಡುಗೆಯ ಚಾನೆಲ್ ಇದೆ. ಅಡುಗೆ ಅತ್ತೆಯದು. ಮೊಬೈಲ್ ಹಿಡಿದು ವಿಡಿಯೊ ತೆಗೆದು, ಕತ್ತರಿಸಿ ಜೋಡಿಸುವುದು ನನ್ನ ಕೆಲಸ. ಮೈದುನನಿಗೆ ಸಿಮೆಂಟ್ ಕಾರ್ಖಾನೆಯಲ್ಲಿ ಪಾಳಿಯ ಕೆಲಸ. ಪಾಳಿ ಮುಗಿಸಿ ಬಂದು ವಿಡಿಯೊ ಅಪ್‌ಲೋಡ್ ಮಾಡಿ, ಅದಕ್ಕೆ ತಲೆಬರಹ ಕೊಟ್ಟು, ಮುಖಚಿತ್ರ ಅಂಟಿಸುವುದು ಅವನ ಪಾಲು. ಮಾಡಿದ ಅಡುಗೆ ತಿನ್ನುವುದು ನನ್ನ ಗಂಡನ ಪಾಲು. ಅದನ್ನು ಅವರು ಒಂದು ದಿನವೂ ತಪ್ಪಿಸಿದವರಲ್ಲ.

ಮೊದಮೊದಲು ನೋಡುವವರು ಕಡಿಮೆ ಇದ್ದರು, ಆದರೆ ಬಂದವರು ಕುಂತು ನೋಡುತ್ತಿದ್ದರು. ಪುಂಡಿಪಲ್ಯ ಕುದಿಯುವ ತನಕ ಇದ್ದು, ಒಗ್ಗರಣೆ ಬಿದ್ದ ಮೇಲೆ ಒಂದು ಮಾತು ಬರೆದು ಹೋಗುವ ಮಂದಿ. ಅವರಲ್ಲಿ ವಾಡಿಯ ರೈಲ್ವೆ ಕ್ವಾರ್ಟರ್ಸಿನ ಒಬ್ಬ ಹೆಣ್ಣುಮಗಳು ಇದ್ದಳು. ದಕ್ಷಿಣದ ಕಡೆಯವಳು, ಗಂಡನ ನೌಕರಿಗೆಂದು ಬಂದವಳು, ಜೋಳದ ರೊಟ್ಟಿ ಬಡಿಯಲು ಅತ್ತೆಯನ್ನು ನೋಡಿಯೇ ಕಲಿತವಳು. ಪ್ರತಿ ವಿಡಿಯೊದ ಕೆಳಗೆ ಅವಳದೊಂದು ಪ್ರಶ್ನೆ ಇದ್ದೇ ಇರುತ್ತಿತ್ತು. ಮಧ್ಯಾಹ್ನ ಊಟವಾದ ಮೇಲೆ ಅತ್ತೆ ಎಲೆಅಡಿಕೆಯ ಡಬ್ಬಿ ಮುಂದಿಟ್ಟುಕೊಂಡು, ‘ನನ್ನ ವಾಡಿಯಾಕಿ ಏನ್ ಬರದಾಳ, ಓದು’ ಎನ್ನುತ್ತಿದ್ದರು. ನಾನು ಓದಬೇಕು, ಅವರು ಹೇಳಿದ ಉತ್ತರವನ್ನು ಒಂದಕ್ಷರ ಬಿಡದೆ ಹಾಕಬೇಕು. ಮುಖ ನೋಡದ ಆ ಹೆಣ್ಣುಮಗಳ ಮೇಲೆ ಅವರಿಗೆ ಇದ್ದ ಅಕ್ಕರೆ ಕಂಡು ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ನಾನು ಕೇಳಿದ ಪ್ರಶ್ನೆಗೆ ‘ಕಣ್ಣಿಲ್ಲೇನ್, ನೋಡಿ ಕಲಿ’ ಎನ್ನುವ ಹೆಂಗಸು, ಅವಳಿಗೆ ಮಾತ್ರ ಉಪ್ಪಿನ ಚಿಟಿಕೆಯನ್ನೂ ಬಿಡಿಸಿ ಹೇಳುತ್ತಿದ್ದರು.

ಆಮೇಲೆ ಬಂತು ಹಸಿಮೆಣಸಿನಕಾಯಿ ಹಿಂಡಿ, ಅಂದರೆ ರೊಟ್ಟಿಗೆ ಹಚ್ಚಿಕೊಳ್ಳುವ ನಮ್ಮ ಕಡೆಯ ಖಾರದ ಚಟ್ನಿ. ಅತ್ತೆ ಹೆಂಚಿನ ಮೇಲೆ ಮೆಣಸಿನಕಾಯಿ ಹುರಿಯುತ್ತಿದ್ದರೆ ಅಡುಗೆಮನೆ ತುಂಬ ಘಾಟು. ಮೊಬೈಲನ್ನು ಡಬ್ಬಿಗೆ ಆನಿಸಿಟ್ಟು ಕಲ್ಲಿನಲ್ಲಿ ಕುಟ್ಟಲು ಕುಂತ ನನಗೆ ಕೆಮ್ಮು, ಸೀನು, ಕಣ್ಣಲ್ಲಿ ಧಾರಾಕಾರ ನೀರು. ಮೈದುನ ಇಡೀ ವಿಡಿಯೊದಲ್ಲಿ ಆ ಒಂದು ಗಳಿಗೆಯನ್ನು ಹುಡುಕಿ ಹಿಡಿದ. ನಾನು ಸೆರಗಿನಿಂದ ಕಣ್ಣೊರೆಸುತ್ತಿದ್ದೇನೆ, ಹಿಂದೆ ಅತ್ತೆ ಕೈಯಲ್ಲಿ ಸವುಟು ಹಿಡಿದು ನಿಂತಿದ್ದಾರೆ. ಅದನ್ನೇ ಮುಖಚಿತ್ರ ಮಾಡಿದ. ಸವುಟಿನ ಸುತ್ತ ಒಂದು ಕೆಂಪು ವೃತ್ತ ಬೇರೆ. ತಲೆಬರಹ: ‘ಅತ್ತೆ ಮಾಡಿದ್ದಕ್ಕೆ ಸೊಸೆಯ ಕಣ್ಣೀರು ನಿಲ್ಲಲೇ ಇಲ್ಲ!’ ಕೆಳಗಿನ ವಿವರಣೆಯಲ್ಲಿ ಹಿಂಡಿಯ ಹೆಸರೇ ಇಲ್ಲ. ‘ಮನೆಮನೆಯ ಕಥೆ, ಅತ್ತೆ ಸೊಸೆ ಜಗಳ’ ಎಂದು ಬರೆದು, ಟ್ಯಾಗಿನಲ್ಲಿಯೂ ಜಗಳ, ಧಾರಾವಾಹಿ ಎಂದೆಲ್ಲ ತುರುಕಿದ್ದ.

‘ಇದರಾಗ ಸುಳ್ಳ್ ಏನದ ವೈನಿ? ಅವ್ವ ಹಿಂಡಿ ಮಾಡಿದ್ಳು, ನೀವು ಅತ್ರಿ’ ಎಂದು ವಕೀಲನಂತೆ ವಾದಿಸಿದ.

ಬೆಳಗಾಗುವಷ್ಟರಲ್ಲಿ ನಮ್ಮ ಹಳೆಯ ವಿಡಿಯೊಗಳನ್ನೆಲ್ಲ ಕೂಡಿಸಿದರೂ ಆಗದಷ್ಟು ಮಂದಿ ಅದನ್ನು ಒತ್ತಿದ್ದರು. ಮೈದುನ ನೆಲದ ಮೇಲೆ ನಿಲ್ಲಲಿಲ್ಲ. ಕಾರ್ಖಾನೆಯ ಕ್ಯಾಂಟೀನಿನಲ್ಲಿ ಎಲ್ಲರಿಗೂ ಮಿರ್ಚಿಭಜಿ ಕೊಡಿಸಿ ಬಂದನಂತೆ. ಅತ್ತೆಗೂ ಹಿಗ್ಗು. ‘ನೋಡ್, ನನ್ನ ಹಿಂಡಿ ಎಷ್ಟ್ ಮಂದಿಗಿ ಬೇಕಾಗ್ಯದ’ ಎಂದರು. ತಲೆಬರಹ ಏನೆಂದು ಅವರಿಗೆ ಓದಿ ಹೇಳುವ ಧೈರ್ಯ ನಮ್ಮಿಬ್ಬರಿಗೂ ಇರಲಿಲ್ಲ.

ಅದು ಅವರಿಗೆ ಗೊತ್ತಾದದ್ದು ಚಿಂಚೋಳಿಯಿಂದ ಬಂದ ಅವರ ಅಣ್ಣನಿಂದ. ಒಂದು ಮುಂಜಾನೆ, ಮುಂಡಾಸು ಸುತ್ತಿದ ಆ ಹಿರಿಯರು ಹೆಂಡತಿಯನ್ನೂ ಕರೆದುಕೊಂಡು ಬಸ್ಸಿಳಿದು ನೇರ ನಮ್ಮ ಪಡಸಾಲೆಗೆ ಬಂದು ಕುಂತರು. ನೀರು ಕೊಟ್ಟರೆ ಮುಟ್ಟಲಿಲ್ಲ. ನಮ್ಮ ಕಡೆ ಮನೆಜಗಳಕ್ಕೆ ನ್ಯಾಯ ಹೇಳಲು ಬಂದ ಹಿರಿಯರು ಅದು ತೀರುವ ತನಕ ಆ ಮನೆಯ ನೀರು ಕುಡಿಯುವುದಿಲ್ಲ.

‘ತಂಗಿ, ಸೊಸಿ ಅಂದ್ರ ಮಗಳಿದ್ಹಾಂಗ. ಸವುಟಲೇ ಹೊಡಿತಾರೇನ್?’ ಎಂದರು.

‘ಯಾರ್ ಹೊಡದಾರ?’ ಎಂದು ಅತ್ತೆ ಬಾಯಿ ಬಿಟ್ಟರು.

‘ಊರೆಲ್ಲಾ ನೋಡ್ಲಿಕತ್ತದ! ನಮ್ ಓಣ್ಯಾಗ ತಲಿ ಎತ್ತಿ ಅಡ್ಡಾಡದಂಗ ಆಗ್ಯದ.’

‘ನೀ ನೋಡಿದಿ ಏನ್?’

‘ಅದನ್ನ್ಯಾಕ ಪೂರಾ ನೋಡ್ಲಿ? ಫೋಟೊ ಕಂಡೆ, ಬಸ್ ಹತ್ತಿದೆ.’

ಅವರ ಹೆಂಡತಿ ಅಷ್ಟೊತ್ತಿಗೆ ನನ್ನನ್ನು ಒಳಗೆ ಎಳೆದೊಯ್ದು, ರವಿಕೆಯ ತೋಳು ಸರಿಸಿ ಬಾಸುಂಡೆ ಹುಡುಕುತ್ತಿದ್ದರು. ‘ಇಲ್ರಿ ಅತ್ತಿ, ಮೆಣಸಿನಕಾಯಿ ಘಾಟ್ರಿ’ ಎಂದರೆ, ‘ಅಂಜಬ್ಯಾಡ ಮಗಳ, ನಾವ್ ಬಂದೀವಿ’ ಎಂದು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡರು. ಕೊನೆಗೆ ಎಲ್ಲರನ್ನೂ ಕೂಡಿಸಿ ವಿಡಿಯೊ ಪೂರ್ತಿ ತೋರಿಸಿದೆವು. ಮುಗಿದ ಮೇಲೆ ಹಿರಿಯರು ಮೀಸೆ ತಿರುವಿ, ‘ಹಿಂಡಿ ಅದ ಏನ್ ಮನ್ಯಾಗ?’ ಎಂದು ಕೇಳಿದರು. ಎರಡು ರೊಟ್ಟಿ ಉಂಡು, ಬುತ್ತಿ ಕಟ್ಟಿಸಿಕೊಂಡು ಹೋದರು.

ಅವರು ಹೋದ ಮೇಲೆ ಅತ್ತೆ ಮೈದುನನನ್ನು ಕರೆದ ದನಿಗೆ ಪಕ್ಕದ ಮನೆಯವರೂ ಬಾಗಿಲು ಹಾಕಿಕೊಂಡರು. ಆದರೆ ಅವನ ಬಳಿ ಉತ್ತರ ಸಿದ್ಧವಿತ್ತು. ‘ಬಯ್ಯಿ ಯವ್ವಾ, ಆದ್ರ ಮಂದಿ ಬಂದಾರ ಇಲ್ಲೊ?’

‘ನನ್ನ ವಾಡಿಯಾಕಿ ಏನಂದಾಳ?’ ಎಂದು ಅತ್ತೆ ನನ್ನತ್ತ ತಿರುಗಿದರು.

ಅದನ್ನು ನಾನು ಅವರಿಂದ ಮುಚ್ಚಿಟ್ಟಿದ್ದೆ. ಈಗ ಓದಿದೆ: ‘ಅವ್ವಾ, ಏನಾಯಿತೋ ಅಂತ ಗಾಬರಿಯಿಂದ ನೋಡಿದೆ, ಬರೀ ಹಿಂಡಿ. ನೀವೂ ಹೀಗೆ ಮಾಡುತ್ತೀರಿ ಅಂದುಕೊಂಡಿರಲಿಲ್ಲ.’ ಅಷ್ಟೇ. ಪ್ರಶ್ನೆ ಇಲ್ಲ. ಅದರ ನಂತರ ಹಾಕಿದ ಎರಡು ವಿಡಿಯೊಗಳ ಕೆಳಗೆ ಅವಳ ಸುಳಿವೇ ಇರಲಿಲ್ಲ. ಅತ್ತೆ ಬಾಯಲ್ಲಿದ್ದ ಎಲೆ ಅಗಿಯುವುದನ್ನು ನಿಲ್ಲಿಸಿದರು. ಅವರ ಮುಖ ಅಷ್ಟು ಚಿಕ್ಕದಾದದ್ದನ್ನು ನಾನು ಕಂಡಿರಲಿಲ್ಲ. ನನಗೆ ಮೈದುನನ ಮೇಲೆ ಕೆಂಡದಂಥ ಸಿಟ್ಟು ಬಂತು.

ಸಿಟ್ಟಿನಲ್ಲಿಯೇ ಚಾನೆಲ್ಲಿನ ಲೆಕ್ಕ ತೆರೆದು ಅವನ ಮುಂದೆ ಹಿಡಿದೆ. ಜನ ಒಂದು ವಿಡಿಯೊವನ್ನು ಎಲ್ಲಿಯವರೆಗೆ ನೋಡಿದರು ಎಂದು ತೋರಿಸುವ ಗೆರೆಯೊಂದು ಅಲ್ಲಿರುತ್ತದೆ. ನಮ್ಮ ಪುಂಡಿಪಲ್ಯದ ಗೆರೆ ನಿಧಾನವಾಗಿ ಇಳಿಯುತ್ತ ಹೋಗಿತ್ತು. ಹಿಂಡಿಯ ಗೆರೆ ಅರ್ಧ ನಿಮಿಷದೊಳಗೆ ಧೊಪ್ಪನೆ ನೆಲಕ್ಕೆ ಬಿದ್ದಿತ್ತು. ಜಗಳ ನೋಡಲು ಬಂದವರು ಹೆಂಚು ಕಂಡ ಕೂಡಲೇ ಎದ್ದು ಹೋಗಿದ್ದರು. ಹಿಂಡಿ ಕಲಿಯಬೇಕಾದವರಿಗೆ ಅದು ಹಿಂಡಿಯ ವಿಡಿಯೊ ಎಂದು ಗೊತ್ತೇ ಆಗಿರಲಿಲ್ಲ. ಒತ್ತಿದವರು ಹೆಚ್ಚು, ಒಬ್ಬೊಬ್ಬರು ನೋಡಿದ ಹೊತ್ತು ಏನೂ ಇಲ್ಲ. ಎರಡು ದಿನ ಊರಿಗೆಲ್ಲ ತೋರಿಸಿದ ಆ್ಯಪ್, ನೋಡಿದವರು ಓಡಿ ಹೋಗುವುದನ್ನು ಕಂಡು ಮುಂದೆ ತೋರಿಸುವುದನ್ನೇ ಕಡಿಮೆ ಮಾಡಿತ್ತು. ಆಮೇಲಿನ ವಿಡಿಯೊಗಳು ನಮ್ಮ ಹಳೆಯ ಮಂದಿಯ ಕಣ್ಣಿಗೆ ಬಿದ್ದರೂ ಅವರು ಒತ್ತದೆ ದಾಟಿ ಹೋಗುತ್ತಿದ್ದರು. ಮೈದುನ ತಲೆ ಕೆರೆದುಕೊಂಡ.

ಅವತ್ತೇ ಹಿಂಡಿಯ ತಲೆಬರಹ, ಚಿತ್ರ, ವಿವರಣೆ ಎಲ್ಲ ಬದಲಾಯಿಸಿದೆವು. ಅತ್ತೆಯ ಅಪ್ಪಣೆಯಂತೆ ಅದೀಗ ‘ಕಣ್ಣೀರು ಬಂದದ್ದು ಮೆಣಸಿನಕಾಯಿಗೆ: ಹಸಿಮೆಣಸಿನಕಾಯಿ ಹಿಂಡಿ’ ಎಂದಾಯಿತು. ಆದರೆ ಹೋದವಳು ಬರಲಿಲ್ಲ. ಅತ್ತೆ ದಿನವೂ ಕೇಳುವುದು, ನಾನು ‘ಇಲ್ರಿ’ ಎನ್ನುವುದು.

ಮುಂದಿನ ವಿಡಿಯೊ ಜೋಳದ ರೊಟ್ಟಿ. ಈ ಸಲ ತಲೆಬರಹಕ್ಕೆ ಪೈಪೋಟಿ ಇಟ್ಟೆವು. ಒಂದೇ ವಿಡಿಯೊಗೆ ಮೂರು ತಲೆಬರಹ ಕೊಟ್ಟರೆ, ಕೆಲವರಿಗೆ ಒಂದು, ಕೆಲವರಿಗೆ ಇನ್ನೊಂದು ತೋರಿಸಿ, ಯಾವುದರಿಂದ ಬಂದವರೆಲ್ಲ ಕೂಡಿ ಹೆಚ್ಚು ಹೊತ್ತು ನೋಡಿದರು ಎಂದು ಅಳೆದು ಹೇಳುವ ಅನುಕೂಲ ಅಲ್ಲಿದೆ. ಒತ್ತಿದ್ದನ್ನಲ್ಲ, ನೋಡಿದ ಹೊತ್ತನ್ನು ಅಳೆಯುತ್ತದೆ. ಮೈದುನನಿಗೆ ಬುದ್ಧಿ ಎಲ್ಲಿ ಬರಬೇಕು, ‘ಈ ರೊಟ್ಟಿ ಕಂಡು ಮನೆಯವರೆಲ್ಲ ಬೆಚ್ಚಿಬಿದ್ದರು!’ ಎಂದು ಬರೆದ. ನಾನು ಪ್ರಾಮಾಣಿಕಳು ಎಂಬ ಹೆಮ್ಮೆಯಲ್ಲಿ ‘ಜೋಳದ ರೊಟ್ಟಿ ಮಾಡುವ ವಿಧಾನ’ ಎಂದು ಕೊಟ್ಟೆ. ಅತ್ತೆ ಎಲೆಗೆ ಸುಣ್ಣ ಹಚ್ಚುತ್ತ ಕೇಳಿದರು:

‘ಹೊಸದಾಗಿ ಕಲಿಯೋರು ಏನ್ ಕೇಳ್ತಾರ? ರೊಟ್ಟಿ ಅಂಚು ಯಾಕ ಒಡಿತದ ಅಂತ ಕೇಳ್ತಾರ. ಅದನ್ನೇ ಬರಿ. ಬಂದ ಕೂಡ್ಲೇ ಅದಕ್ಕ ಜವಾಬು ಹೇಳಣ. ಬಾಗಿಲ್ದಾಗ ಕರದು ಹಿತ್ತಲದಾಗ ನಿಂದ್ರಿಸಬ್ಯಾಡ್ರಿ.’

ಅದರಂತೆ ನಾನು ವಿಡಿಯೊದ ಮೊದಲಿಗೇ ಒಡೆದ ಅಂಚನ್ನು ತೋರಿಸಿ, ಹಳೆಯ ಹಿಟ್ಟಿಗೆ ಜಿಗಿ, ಅಂದರೆ ಅಂಟು, ಇರುವುದಿಲ್ಲ, ಕುದಿಯುವ ನೀರು ಹಾಕಿ ಚೆನ್ನಾಗಿ ನಾದಬೇಕು ಎಂಬ ಅತ್ತೆಯ ಮಾತನ್ನು ಇಟ್ಟೆ. ಬಡಿಯುವ ಕೈ ಆಮೇಲೆ ಬಂತು. ಚಿತ್ರೀಕರಣದ ಕೊನೆಗೆ ಒಂದು ಘಟನೆಯಾಗಿತ್ತು. ಅಷ್ಟೆಲ್ಲ ಪಾಠ ಹೇಳಿದ ಅತ್ತೆಯ ಕೈಯಲ್ಲೇ ಕಡೆಯ ರೊಟ್ಟಿ ಎತ್ತುವಾಗ ನಡುವೆ ಹರಿಯಿತು. ಅವರು ರೊಟ್ಟಿಗೆ ‘ಥೂ, ನಿನ್ನ ಮನಿ ಹಾಳಾಗ!’ ಎಂದು ಬೈದರು. ‘ಅದನ್ನ ತೆಗಿ’ ಎಂದು ನನಗೆ ಆಜ್ಞೆಯಾಯಿತು. ನಾನು ‘ಹ್ಞೂಂ ರಿ’ ಎಂದೆ, ತೆಗೆಯಲಿಲ್ಲ. ಸೊಸೆಗೂ ಒಂದಿಷ್ಟು ಸುಖ ಬೇಡವೇ.

ಕೆಲ ದಿನಗಳ ಮೇಲೆ ಫಲಿತಾಂಶ ಬಂತು. ಮೈದುನನದು ಸೋತಿತು, ಅದಕ್ಕೆ ನಾನು ಕುಣಿದೆ. ನನ್ನದು ಅವನದಕ್ಕಿಂತ ಕೆಳಗಿತ್ತು, ಅದಕ್ಕೆ ಅವನು ಕುಣಿದ. ಸುಳ್ಳು ಹೇಳದಿದ್ದರೆ ಸಾಕು ಎಂದುಕೊಂಡಿದ್ದ ನನ್ನ ತಲೆಬರಹವನ್ನು ಒತ್ತಲು ಯಾರಿಗೂ ಮನಸ್ಸೇ ಬಂದಿರಲಿಲ್ಲ. ಗೆದ್ದದ್ದು ‘ಜೋಳದ ರೊಟ್ಟಿಯ ಅಂಚು ಒಡೆಯುವುದೇಕೆ?’ ಅತ್ತೆ ನಮ್ಮಿಬ್ಬರನ್ನೂ ನೋಡಿ, ‘ಓದಿದೋರು’ ಎಂದಷ್ಟೇ ಹೇಳಿ ಡಬ್ಬಿ ಮುಚ್ಚಿದರು. ಆದರೆ ಗೆದ್ದ ಸಂತೋಷ ಅವರ ಮುಖದಲ್ಲಿರಲಿಲ್ಲ.

ಮರುದಿನ ಮಧ್ಯಾಹ್ನ ಅವರು ಕೇಳುವ ಮೊದಲೇ ನಾನು ಕೂಗಿದೆ. ವಾಡಿಯಿಂದ ಬಂದಿತ್ತು. ಓದುತ್ತ ಹೋದಂತೆ ನನ್ನ ದನಿ ಸಣ್ಣದಾಯಿತು: ‘ಅವ್ವಾ, ಇಷ್ಟೆಲ್ಲ ಹೇಳಿಕೊಟ್ಟು ಕೊನೆಯ ರೊಟ್ಟಿ ನೀವೇ ಹರಿದಿರಲ್ಲ! ಪಾಪ, ರೊಟ್ಟಿಗೆ ಯಾಕೆ ಬೈದಿರಿ?’

ಅತ್ತೆ ನನ್ನತ್ತ ಕಣ್ಣು ಕೆಕ್ಕರಿಸಿದರು. ‘ಅದನ್ನ ತೆಗದೀನಿ ಅಂದಿದ್ದಿ?’

ನಾನು ಮೊಬೈಲ್ ಹಿಡಿದುಕೊಂಡೇ ಬಾಗಿಲ ಕಡೆ ಸರಿದೆ. ಮೈದುನ ನನಗಿಂತ ಮೊದಲೇ ಅಂಗಳದಲ್ಲಿದ್ದ. ಆದರೆ ಬೈಗುಳ ಬರಲಿಲ್ಲ. ತಿರುಗಿ ನೋಡಿದರೆ ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಕುಂತಿದ್ದಾರೆ, ಹೆಗಲು ಅಲುಗುತ್ತಿದೆ. ನಗುತ್ತಿದ್ದಾರೋ ಅಳುತ್ತಿದ್ದಾರೋ ತಿಳಿಯದೆ ಹತ್ತಿರ ಹೋದೆ. ಎರಡೂ ಇತ್ತು.

‘ರೊಟ್ಟಿ ಹರದದ್ದು ವಿಡಿಯೊದಾಗ ಎಲ್ಲಿ ಅದ?’ ಎಂದು ಕೇಳಿದರು.

‘ಕಟ್ಟಕಡೀಕ್ರಿ, ಅದರ ಮುಂದ ಏನೂ ಇಲ್ಲ.’

‘ಹಂಗಾದ್ರ,’ ಎಂದು ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು, ‘ಕಡೀತನಕ ಕುಂತಿದ್ಳು ನೋಡು.’