ಗಾಳಿ ಹಾಸಿಗೆ ಯಾರಿಗೆ ಹೋಯಿತು

ಹಾಸಿಗೆ ಹಿಡಿದ ರೋಗಿಗಳಿಗೆ ಗಾಳಿ ಹಾಸಿಗೆ ಎರವಲು ಕೊಡುವ ವಿಜಯಪುರದ ಪುಟ್ಟ ಸಂಸ್ಥೆಯೊಂದರಲ್ಲಿ ದಾನಿಗಳಿಗೆ ಪತ್ರ ಬರೆಯುವುದು ಆಮ್ರಪಾಲಿಯ ಕೆಲಸ. ಅಧ್ಯಕ್ಷ ಸತೀಶಕುಮಾರರ ಪ್ರಕಾರ ಪತ್ರವೆಂದರೆ ಮೇಲೆ ತಮ್ಮ ಫೋಟೊ, ಕೆಳಗೆ ತಮ್ಮ ಸಹಿ, ನಡುವೆ ತಮ್ಮ ಸಾಧನೆ. ಆ ನಡುವಿನ ಜಾಗದಲ್ಲಿ ಆಮ್ರಪಾಲಿ, ಕೊಟ್ಟ ಹಣ ಏನಾಗುತ್ತದೆಂದು ಬರೆಯುತ್ತಿದ್ದಳು.

ಜೈನಾಪುರದ ಮುರಿಗೆವ್ವ ಗಂಡ ತೀರಿಕೊಂಡ ಮೇಲೆ ಮೊದಲ ಸಲ ದೇಣಿಗೆ ಕೊಟ್ಟಿದ್ದರು. ‘ನಿಮ್ಮ ಹಣದಿಂದ ಒಂದು ಗಾಳಿ ಹಾಸಿಗೆ ಕೊಂಡು, ಮಲಗಿ ಮಲಗಿ ಬೆನ್ನು ಹುಣ್ಣಾಗಿರುವ ಬಿಜ್ಜರಗಿಯ ಹಿರಿಯರೊಬ್ಬರಿಗೆ ಈ ವಾರವೇ ಕೊಡುತ್ತೇವೆ’ ಎಂದು ಅವಳು ಬರೆದಳು. ಪತ್ರ ತಲುಪಿತು. ಹಾಸಿಗೆ ತಲುಪುವ ಮೊದಲೇ ಹಿರಿಯರು ಹೋಗಿಬಿಟ್ಟರು.

“ತಿಕೋಟಾದಾಗ ಒಬ್ಬಾಕಿ ಕಾಯಾಕತ್ತಾಳ, ಹಾಸಿಗಿ ಆಕಿಗಿ ಕೊಡೂಣು. ಪತ್ರ ಹೆಂಗೂ ಚಂದ ಐತಿ, ಬಿಡವಾ,” ಎಂದರು ಅಧ್ಯಕ್ಷರು.

“ಚಂದ ಐತ್ರಿ ಸರ. ಈಗ ಖರೇ ಇಲ್ಲ.”

ಆಮ್ರಪಾಲಿ ನಡೆದದ್ದನ್ನೆಲ್ಲ ತಿಳಿಸಿ ಇನ್ನೊಂದು ಪತ್ರ ಬರೆದಳು. ಇದಕ್ಕೆ ಫೋಟೊ ಬೇಡವೆಂದು ಅಧ್ಯಕ್ಷರೇ ಹೇಳಿದರು.

ಪತ್ರ ಕೈಸೇರಿದ ದಿನ ಮುರಿಗೆವ್ವನ ಫೋನು ಬಂತು.

“ಹಾಸಿಗಿ ತಿಕೋಟಾಕ್ಕ ಹೋಗಲಿ, ಚಲೋ ಆತು. ಬಿಜ್ಜರಗಿ ಮನಿಯವರನ್ನ ನಾ ಮಾತಾಡ್ಸಿ ಬರಬೇಕವಾ. ಯಾರ ಪೈಕಿ ಅವರು?”

“ಅವರನ್ನ ಕೇಳಿ ಹೇಳ್ತೇನ್ರಿ, ಅವ್ವಾರ.”

“ಕೇಳವಾ. ನಮ್ಮ ಮನಿಯವರ ಬೆನ್ನೂ ಹಂಗ ಆಗಿತ್ತು.”

ಆಮ್ರಪಾಲಿ ಬಿಜ್ಜರಗಿಗೆ ಫೋನು ಹಚ್ಚಿದಳು.